ಲೆಕ್ಕ ಕೇಳಿದರೆ ನಿಮ್ಮಪ್ಪನ ಮಾತು ಬಂತಾ? ಮನುಷ್ಯ ಬೇರೆ, ತಕರಾರು ಬೇರೆ ಮಾಡುವ ಬಗೆ

ಕೋಲಾರದ ಟೊಮೆಟೊ ಮಾರುಕಟ್ಟೆಯ ಒಂದು ಮಂಡಿಯಲ್ಲಿ ನಾನು ಒಂಬತ್ತು ವರ್ಷ ರೈಟರ್ ಆಗಿದ್ದೆ. ರೈಟರ್ ಅಂದರೆ ಹರಾಜಿನ ದರ ಬರೆದುಕೊಂಡು, ರೈತರಿಗೆ ಪಟ್ಟಿ ಹಾಕಿಕೊಡುವ ಕೆಲಸ. ಈಗ ಅದನ್ನು ಬಿಟ್ಟು ನಾನೇ ಎರಡು ಎಕರೆ ಬೆಳೆ ಇಡುತ್ತೇನೆ. ಮೇಜಿನ ಆ ಕಡೆಯೂ ಕೂತಿದ್ದೇನೆ, ಈ ಕಡೆಯೂ ನಿಂತಿದ್ದೇನೆ. ಅದಕ್ಕೇ ಇರಬೇಕು, ಮುಳಬಾಗಿಲು, ಶ್ರೀನಿವಾಸಪುರ ಕಡೆಯವರು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಪಟ್ಟಿಯಲ್ಲಿ ಬಾಕ್ಸ್ ಕಮ್ಮಿ ಬಂದಿದೆ ಅಂತ ಕೇಳೋಕೆ ಹೋದರೆ, ಯಜಮಾನ್ರು ನೇರ ನನ್ನ ಮೇಲೇ ಬೀಳ್ತಾರೆ. ಆಗ ಏನು ಮಾಡಬೇಕು?"

ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಹಣ ವಸೂಲಿಯ ಎಲ್ಲ ದಾರಿಗಳೂ ಇಲ್ಲಿಲ್ಲ. ನೀವು ಲೆಕ್ಕ ಕೇಳಿದಿರಿ, ಅವರು ನಿಮ್ಮ ಗುಣ, ಮನೆತನ, ಓದು, ಹಳೇ ಋಣ ಎಲ್ಲ ಎತ್ತಿದರು. ಆ ಹತ್ತು ನಿಮಿಷವನ್ನು ಹೇಗೆ ದಾಟಿ ಲೆಕ್ಕಕ್ಕೆ ಮರಳಬೇಕು ಅನ್ನುವುದಷ್ಟೇ ವಿಷಯ. ಅಮೆರಿಕದ ಹಾರ್ವರ್ಡ್‌ನಲ್ಲಿ 1979ರಲ್ಲಿ ಸಂಧಾನದ ಬಗ್ಗೆಯೇ ಒಂದು ಅಧ್ಯಯನ ಯೋಜನೆ ಶುರುವಾಯಿತು. ಅಲ್ಲಿನವರು ಮೊದಲಿಗೆ ಹೇಳಿದ ಮಾತುಗಳಲ್ಲಿ ಇದೂ ಒಂದು: ಮನುಷ್ಯನನ್ನು ಒಂದು ಕಡೆ ಇಡಿ, ತಕರಾರನ್ನು ಇನ್ನೊಂದು ಕಡೆ ಇಡಿ. ಹೇಳಲು ಸುಲಭ. ಎದುರಿಗಿರುವವರು ಅವೆರಡನ್ನೂ ಬೇಕಂತಲೇ ಕಲಸಿ ಮುದ್ದೆ ಕಟ್ಟುತ್ತಿದ್ದರೆ ಬಿಡಿಸುವುದು ಕಷ್ಟ.

ಒಂದು ಪಟ್ಟಿ ಇಟ್ಟುಕೊಂಡು ನೋಡೋಣ

ಉದಾಹರಣೆಗೆ ಒಂದು ಲೆಕ್ಕ ಹಾಕಿಕೊಳ್ಳೋಣ. ಒಬ್ಬ ರೈತ 180 ಬಾಕ್ಸ್ ಟೊಮೆಟೊ ಇಳಿಸಿದ್ದಾನೆ. ಬಾಕ್ಸ್ ಅಂದರೆ ನಮ್ಮಲ್ಲಿ 15 ಕೆಜಿ. ಹರಾಜಿನಲ್ಲಿ ಬಾಕ್ಸಿಗೆ 310 ರೂಪಾಯಿ ನಿಂತಿದೆ. ಪಟ್ಟಿಯಲ್ಲಿ ಮಾತ್ರ 168 ಬಾಕ್ಸ್ ಎಂದು ಬರೆದು 52,080 ರೂಪಾಯಿ ತೋರಿಸಿದ್ದಾರೆ. 12 ಬಾಕ್ಸ್, ಅಂದರೆ 3,720 ರೂಪಾಯಿ, ಕಾಣೆ. ಕೇಳಿದರೆ "ಡ್ಯಾಮೇಜು" ಅನ್ನುತ್ತಾರೆ. ಇದೇ ರೈತ ನಾಟಿಗೆ ಮುಂಚೆ ಕಡ್ಡಿಗೆ, ಡ್ರಿಪ್ಪಿಗೆ ಅಂತ ಇದೇ ಯಜಮಾನರಿಂದ 60,000 ಮುಂಗಡ ತೆಗೆದುಕೊಂಡಿದ್ದಾನೆ. ಅದರಲ್ಲಿ 40,000 ಇನ್ನೂ ಬಾಕಿ ಇದೆ.

ರೈತ ಕೇಳುತ್ತಾನೆ: "ಅಣ್ಣ, 12 ಬಾಕ್ಸ್ ಕಮ್ಮಿ ಇದೆಯಲ್ಲ?"

ಉತ್ತರ ಬರುತ್ತದೆ: "ಏನೋ, ಲೆಕ್ಕ ಕೇಳೋಕೆ ಬಂದ್ಯಾ? ಕಡ್ಡಿಗೆ ದುಡ್ಡಿಲ್ಲ ಅಂತ ಕೈ ಕಟ್ಕೊಂಡು ನಿಂತಿದ್ಯಲ್ಲ, ಆವಾಗ ಎಲ್ಲಿತ್ತು ಈ ಲೆಕ್ಕ? ನಿಮ್ಮಪ್ಪ ಹದಿನೈದು ವರ್ಷ ಇಲ್ಲೇ ಮಾಲು ಹಾಕಿದ್ರು, ಒಂದಿನ ಬಾಯಿ ಬಿಟ್ಟಿಲ್ಲ. ಎರಡಕ್ಷರ ಓದಿದ ತಕ್ಷಣ ನಾವೆಲ್ಲ ಕಳ್ಳರಾಗಿಬಿಟ್ವಾ? ಮೇಲೆ ದಪ್ಪ ಕಾಯಿ, ಕೆಳಗೆ ಒಡಕು ತುಂಬಿ ಕಳಿಸ್ತೀರ, ಆಮೇಲೆ ನ್ಯಾಯ ಮಾತಾಡ್ತೀರ."

ಐದು ವಾಕ್ಯ. 12 ಬಾಕ್ಸಿನ ಬಗ್ಗೆ ಏನಾದರೂ ಇರುವುದು ಕೊನೆಯದರಲ್ಲಿ ಮಾತ್ರ. ಮಿಕ್ಕ ನಾಲ್ಕಕ್ಕೆ ಉತ್ತರ ಕೊಡಲು ಹೊರಟರೆ ಸಂಜೆಯಾದರೂ ಅಲ್ಲೇ ಇರುತ್ತೀರಿ.

1. ಹೋಗುವ ಮುಂಚೆ: ತಕರಾರನ್ನು ಒಂದು ಸಾಲಿನಲ್ಲಿ ಬರೆಯಿರಿ

ಬೇಕಾಗುವುದು ಸ್ವಲ್ಪವೇ. ಈ ಸಲದ ಪಟ್ಟಿ, ಹಿಂದಿನ ನಾಲ್ಕೈದು ಪಟ್ಟಿ, ಟೆಂಪೋ ಡ್ರೈವರ್ ಎಣಿಸಿದ ಲೆಕ್ಕ, ಲೋಡ್ ಮಾಡುವಾಗ ತೆಗೆದ ಒಂದೆರಡು ಫೋಟೋ. ಇವುಗಳ ಜೊತೆಗೆ ಒಂದು ಚೀಟಿಯಲ್ಲಿ ತಕರಾರನ್ನು ಬರೆದುಕೊಳ್ಳಿ. ಆ ಸಾಲಿನಲ್ಲಿ ಯಾರ ಹೆಸರೂ ಇರಬಾರದು, "ನೀವು" ಅನ್ನುವ ಪದವೂ ಇರಬಾರದು.

"ನೀವು 12 ಬಾಕ್ಸ್ ಹೊಡೆದಿದ್ದೀರ" ಅಂತ ಬರೆದರೆ ಅದು ಮನುಷ್ಯನ ಮೇಲಿನ ದೂರು. "180 ಇಳಿದಿದೆ, ಪಟ್ಟಿಯಲ್ಲಿ 168 ಇದೆ, ನಡುವಿನ 12 ಏನಾಯ್ತು?" ಅಂತ ಬರೆದರೆ ಅದು ತಕರಾರು. ಎರಡನೆಯದಕ್ಕೆ ಉತ್ತರ ಹುಡುಕಬಹುದು. ಮೊದಲನೆಯದಕ್ಕೆ ಜಗಳವೇ ಉತ್ತರ.

ಇಲ್ಲಿ ಜಾಸ್ತಿ ಜನ ಎಡವುವುದು ಒಂದೇ ಕಡೆ. ಹೋದವರು 12 ಬಾಕ್ಸಿನ ಜೊತೆಗೆ ಕಮಿಷನ್ನು, ಹಮಾಲಿ, ಹೋದ ವರ್ಷದ ದರ ಎಲ್ಲ ಒಟ್ಟಿಗೆ ಎತ್ತುತ್ತಾರೆ. ಕಾನೂನಿನ ಪ್ರಕಾರ ದಲ್ಲಾಳಿ ಕಮಿಷನ್ ಕೊಡಬೇಕಾದವರು ಖರೀದಿದಾರರು, ರೈತರಲ್ಲ. ಇದು ನಿಜವೇ. ರೈತರಿಂದ ಕಮಿಷನ್ ಹಿಡಿಯುವುದರ ಬಗ್ಗೆ ಹೋರಾಡಲೇಬೇಕು. ಆದರೆ ಅದು ಇಡೀ ಮಾರುಕಟ್ಟೆಯ ಜಗಳ. ಅದನ್ನು ನಿಮ್ಮ 12 ಬಾಕ್ಸಿನ ಪಕ್ಕ ಇಟ್ಟ ಕ್ಷಣ ಅವರ ಕಿವಿಗೆ ಕೇಳುವುದು "ನೀನು ಕಳ್ಳ" ಅಂತ ಮಾತ್ರ. ಆಮೇಲೆ ಅವರು ನಿಮ್ಮ ಮೇಲೆ ಬಿದ್ದರೆ ಆಶ್ಚರ್ಯವೇನಿಲ್ಲ. ಒಂದು ಸಲಕ್ಕೆ ಒಂದು ತಕರಾರು ಸಾಕು.

ಇನ್ನೊಂದು ಸಂಗತಿಯನ್ನೂ ಮನೆಯಲ್ಲೇ ಯೋಚಿಸಿ. ಅವರು ಏನೂ ಒಪ್ಪದಿದ್ದರೆ ನೀವು ಏನು ಮಾಡುತ್ತೀರಿ? ಮುಂದಿನ ಕೊಯ್ಲು ಬೇರೆ ಮಂಡಿಗೆ ಹಾಕಬಹುದಾ? 40,000 ಬಾಕಿ ಇರುವಾಗ ಅದು ಸುಲಭವಲ್ಲ. ಅಂದರೆ ಬಾಕಿ ತೀರಿಸಲು ನಿಮಗೆ ಎಷ್ಟು ಕೊಯ್ಲು ಬೇಕು ಅನ್ನುವುದು ತಲೆಯಲ್ಲಿರಬೇಕು. ಬೇರೆ ದಾರಿ ಇಲ್ಲ ಅನ್ನಿಸಿದವನಿಗೆ ಅವಮಾನ ಬೇಗ ಚುಚ್ಚುತ್ತದೆ, ಸಿಟ್ಟೂ ಬೇಗ ಬರುತ್ತದೆ.

2. ಹೊತ್ತು, ಜಾಗ

ಹರಾಜು ನಡೆಯುತ್ತಿರುವಾಗ ಕೇಳಲೇಬೇಡಿ. ಆಗ ಸುತ್ತ ಖರೀದಿದಾರರು, ಬೇರೆ ರೈತರು, ಹಮಾಲರು ಇರುತ್ತಾರೆ. ಅಷ್ಟು ಜನರ ಮುಂದೆ "ಹೌದಪ್ಪ, ಲೆಕ್ಕ ತಪ್ಪಿದೆ" ಅಂತ ಯಾವ ಯಜಮಾನರೂ ಒಪ್ಪುವುದಿಲ್ಲ. ಒಪ್ಪಿದರೆ ನಾಳೆ ಇಪ್ಪತ್ತು ಜನ ಪಟ್ಟಿ ಹಿಡಿದು ಬರುತ್ತಾರೆ ಅನ್ನುವ ಭಯ ಅವರಿಗೆ. ಹರಾಜು ಮುಗಿದು, ಲಾರಿ ಲೋಡಾಗಿ, ಊಟ ಆದ ಮೇಲೆ ಹೋಗಿ.

ಹೋದವರು ಮೇಜಿನ ಎದುರು ನಿಲ್ಲಬೇಡಿ. ಪಕ್ಕದ ಕುರ್ಚಿಯಲ್ಲಿ ಕೂತು, ಪಟ್ಟಿಯನ್ನು ಇಬ್ಬರ ಮುಂದೆ ಇಡಿ. ಪೆನ್ನು ಅವರ ಕೈಗೆ ಕೊಡಿ. ಇದು ಸಣ್ಣ ವಿಷಯ ಅನ್ನಿಸಬಹುದು. ನಾನು ರೈಟರ್ ಆಗಿದ್ದಾಗ ನೋಡಿದ್ದೇನೆ: ಎದುರು ನಿಂತು ಪಟ್ಟಿ ಬೀಸಿದವರನ್ನು ಯಜಮಾನರು ನೋಡುತ್ತಿದ್ದರು, ಪಕ್ಕ ಕೂತು ಬೆರಳಿಟ್ಟವರ ಪಟ್ಟಿಯನ್ನು ನೋಡುತ್ತಿದ್ದರು.

ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗುವುದಾದರೆ ಕಮ್ಮಿ ಮಾತಿನವರನ್ನು ಕರೆದುಕೊಂಡು ಹೋಗಿ. ಮಾತಿಗೆ ಮಾತು ಕೊಡುವುದೇ ಗಂಡಸ್ತನ ಅಂದುಕೊಂಡ ಬಾಮೈದ ಬೇಡ.

3. ಬೈಗುಳ ಬಂದಾಗ: ಮೊದಲು ಅದು ಎಂಥದ್ದು ಅಂತ ಗುರುತಿಸಿ

ಮೇಲೆ ಬೀಳುವ ಮಾತೆಲ್ಲ ಒಂದೇ ಥರ ಅಲ್ಲ. ಮಂಡಿಯಲ್ಲಿ ನಾನು ಕಂಡದ್ದು ಮೂರು ಬಗೆ.

ಒಂದು, ನಿಜವಾದ ಸಿಟ್ಟು. ಇದು ಎತ್ತಲೆತ್ತಲೋ ಹೋಗುತ್ತದೆ. ನಿಮ್ಮನ್ನು ಬಯ್ಯುತ್ತಾ ಹಮಾಲನನ್ನು ಬಯ್ಯುತ್ತಾರೆ, ಮಳೆಯನ್ನು ಬಯ್ಯುತ್ತಾರೆ, ಫೋನ್ ಎತ್ತದ ಖರೀದಿದಾರನನ್ನು ಬಯ್ಯುತ್ತಾರೆ. ನಮ್ಮ ಕಡೆ ಇನ್ನೊಂದು ಗುರುತಿದೆ. ಕನ್ನಡದಲ್ಲಿ ಶುರುವಾದ ಮಾತು ತೆಲುಗಿಗೆ ಜಾರಿತು ಅಂದರೆ ಅದು ಹೊಟ್ಟೆಯೊಳಗಿಂದ ಬಂದ ಸಿಟ್ಟು ಅಂತಲೇ ಲೆಕ್ಕ. ಇದು ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ.

ಎರಡು, ಪಟ್ಟು. ಇದು ಲೆಕ್ಕ ಹಾಕಿ ಬಿಡುವ ಬಾಣ. ನಿಮಗೆ ನಾಚಿಕೆ ಆಗಬೇಕು, ನೀವು ಸುಮ್ಮನೆ ಎದ್ದು ಹೋಗಬೇಕು, ಅಷ್ಟೇ ಉದ್ದೇಶ. ಇದನ್ನು ಕಂಡುಹಿಡಿಯುವುದು ಹೇಗೆ? ಇದು ಬರುವ ಜಾಗ ಒಂದೇ. ಮಳೆ, ಬೆಳೆ, ಮನೆ ಅಂತ ಮಾತಾಡುವಾಗ ಅವರು ನಗುನಗುತ್ತಾ ಇರುತ್ತಾರೆ. ನೀವು "12" ಅಂದ ತಕ್ಷಣ ನಿಮ್ಮಪ್ಪ ಬರುತ್ತಾರೆ. ಎರಡು ಸಲ ಮೆಲ್ಲಗೆ ಅದೇ ಸಂಖ್ಯೆಗೆ ಮರಳಿ ನೋಡಿ. ಎರಡೂ ಸಲ ಅಲ್ಲೇ ದನಿ ಏರಿದರೆ ಅದು ಪಟ್ಟು.

ಮೂರನೆಯದು ಅಂಜಿಕೆ, ಇದನ್ನು ಜನ ಗುರುತಿಸುವುದೇ ಇಲ್ಲ. ದಲ್ಲಾಳಿ ನಿಮ್ಮ ಮಾಲನ್ನು ಹೊರರಾಜ್ಯದ ಖರೀದಿದಾರನಿಗೆ ಎಷ್ಟೋ ಸಲ ಸಾಲದ ಮೇಲೆ ಕೊಟ್ಟಿರುತ್ತಾರೆ. ಮಳೆ ಬಿದ್ದ ಮೇಲೆ ಕೊಯ್ದ ಕಾಯಿ ಬಿರಿಯುತ್ತದೆ. ಲಾರಿಯಲ್ಲಿ ದೂರ ಹೋಗುವಾಗ ಕೆಳಗಿನ ಬಾಕ್ಸು ನಜ್ಜುಗುಜ್ಜಾಗಿ ರಸ ಸೋರುತ್ತದೆ. ಅಲ್ಲಿ ಇಳಿಸಿದವನು "ಇಷ್ಟು ಬಾಕ್ಸ್ ಹೋಯ್ತು" ಅಂತ ದುಡ್ಡು ಮುರಿಯುತ್ತಾನೆ. ಆ ಏಟನ್ನು ಯಾರ ಮೇಲೆ ಹಾಕಬೇಕು ಅಂತ ಇವರಿಗೆ ಗೊತ್ತಾಗದೆ, ಎಲ್ಲರ ಪಟ್ಟಿಯಲ್ಲೂ ಸ್ವಲ್ಪ ಸ್ವಲ್ಪ ಕೊರೆದಿರುತ್ತಾರೆ. ನೀವು ಕೇಳಿದಾಗ ಹೇಳಲು ಅವರ ಹತ್ತಿರ ಸರಿಯಾದ ಲೆಕ್ಕವೇ ಇಲ್ಲ. ಲೆಕ್ಕ ಇಲ್ಲದವರ ದನಿ ಜೋರಿರುತ್ತದೆ.

ಈ ಮೂರರಲ್ಲಿ ಯಾವುದು ಅಂತ ಯೋಚಿಸುವುದರಿಂದ ಇನ್ನೊಂದು ಲಾಭವೂ ಇದೆ. ಯೋಚಿಸುವ ಅಷ್ಟು ಹೊತ್ತು ನೀವು ಬಾಯಿ ತೆಗೆಯುವುದಿಲ್ಲ. ನೀರು ಕೇಳಿ, ಒಂದು ಗುಟುಕು ಕುಡಿಯಿರಿ.

4. ಮಾತನ್ನು ಜರಡಿ ಹಿಡಿಯಿರಿ

ಇದೇ ಇಡೀ ಕೆಲಸದ ತಿರುಳು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಬೈಗುಳ ಬಂದಾಗ ನಮ್ಮ ಕೈಯಲ್ಲಿ ಸಾಮಾನ್ಯವಾಗಿ ಮೂರು ಕೆಲಸ ಆಗುತ್ತವೆ. ಸಮಜಾಯಿಷಿ ಕೊಡುತ್ತೇವೆ: "ನಾನೆಲ್ಲಿ ಕಳ್ಳರು ಅಂದೆ?" ತಿರುಗಿ ಬಯ್ಯುತ್ತೇವೆ: "ನೀವೇನು ಪುಕ್ಕಟೆ ಕೊಟ್ರಾ ಮುಂಗಡ?" ಇಲ್ಲದಿದ್ದರೆ ನುಂಗಿಕೊಂಡು ಎದ್ದು ಬರುತ್ತೇವೆ. ಮೂರರಲ್ಲೂ 12 ಬಾಕ್ಸ್ ಮರೆತುಹೋಗುತ್ತದೆ.

ಅದರ ಬದಲು ಅವರ ಮಾತನ್ನು ಜರಡಿ ಹಿಡಿಯಿರಿ. ಮನುಷ್ಯನ ಮೇಲಿನದು ಕೆಳಗೆ ಬೀಳಲಿ. ತಕರಾರಿಗೆ ಸಂಬಂಧಪಟ್ಟ ಒಂದು ಕಾಳು ಉಳಿದರೂ ಅದನ್ನು ಹಿಡಿದುಕೊಳ್ಳಿ. ಮೇಲಿನ ಉದಾಹರಣೆಯಲ್ಲಿ ಉಳಿಯುವುದು ಇದು: "ಮೇಲೆ ದಪ್ಪ ಕಾಯಿ, ಕೆಳಗೆ ಒಡಕು." ಮಾತಿನ ರೂಪ ಬೈಗುಳದ್ದು, ಒಳಗಿರುವುದು ಒಂದು ಸಂಗತಿ. ಕೆಲವು ಬಾಕ್ಸಿನ ಕೆಳಗೆ ಒಡಕು ಕಾಯಿ ಇತ್ತು ಅನ್ನುತ್ತಿದ್ದಾರೆ. ಇದು ನಿಜವೂ ಇರಬಹುದು. ನೀವು ಎಲ್ಲ ಬಾಕ್ಸನ್ನೂ ಕೈಯಾರೆ ತುಂಬಿದಿರಾ? ಕೂಲಿಯವರು ತುಂಬಿದ್ದು ತಾನೇ.

ಆ ಕಾಳನ್ನು ಹಿಡಿದು ಪ್ರಶ್ನೆ ಕೇಳಿ. ಹೇಳಿಕೆ ಬೇಡ, ಪ್ರಶ್ನೆ ಇರಲಿ. ಹೇಳಿಕೆಗೆ ಎದುರಾಡಬಹುದು, ಪ್ರಶ್ನೆಗೆ ಉತ್ತರ ಹುಡುಕಬೇಕಾಗುತ್ತದೆ.

"ಒಡಕು ಇತ್ತು ಅಂದ್ರಲ್ಲ ಅಣ್ಣ, ಅದನ್ನ ಇಲ್ಲೇ ಇಳಿಸುವಾಗ ನೋಡಿದ್ದಾ, ಇಲ್ಲ ಆ ಕಡೆಯಿಂದ ಫೋನ್ ಬಂದಿದ್ದಾ?"

ಈ ಪ್ರಶ್ನೆಯ ರಚನೆ ನೋಡಿ. ಇದರಲ್ಲಿ ಯಾರೂ ಕಳ್ಳರಿಲ್ಲ. ಎರಡು ದಾರಿ ಇವೆ, ಎರಡರಲ್ಲೂ ಯಜಮಾನರ ಮರ್ಯಾದೆ ಉಳಿಯುತ್ತದೆ. "ಆ ಕಡೆಯಿಂದ" ಅಂದರೆ ಅವರೂ ನಿಮ್ಮಂತೆಯೇ ಏಟು ತಿಂದವರಾಗುತ್ತಾರೆ. ಅಂಜಿಕೆಯಿಂದ ಕೂಗುತ್ತಿದ್ದವರು ಇಲ್ಲಿ ಸಾಮಾನ್ಯವಾಗಿ ಇಳಿಯುತ್ತಾರೆ: "ಆ ಕಡೆಯವನು ಮೂವತ್ತು ಬಾಕ್ಸಿಗೆ ದುಡ್ಡು ಮುರಿದ ಕಣಪ್ಪ, ನಾನೇನು ಮಾಡ್ಲಿ?"

ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ. ಇದು ಎಲ್ಲಕ್ಕಿಂತ ಕಷ್ಟ. ನಡುವೆ ಮೌನ ಬಂದರೆ ನಮಗೆ ಕಸಿವಿಸಿ, ಏನೋ ಒಂದು ಸೇರಿಸಿಬಿಡುತ್ತೇವೆ: "ಅಲ್ಲ, ನಾನು ಸುಮ್ನೆ ಕೇಳಿದೆ, ಬೇಜಾರು ಮಾಡ್ಕೋಬೇಡಿ." ಆ ಮಾತು ಬಂತೋ, ಉತ್ತರ ಕೊಡುವ ಕಷ್ಟ ಅವರಿಗೆ ತಪ್ಪಿತು.

ಇಲ್ಲಿ ಆಗುವ ಕೆಲವು ತಪ್ಪುಗಳನ್ನು ಹೇಳಿಬಿಡುತ್ತೇನೆ.

"ಸಮಾಧಾನ ಮಾಡ್ಕೊಳ್ಳಿ" ಅಂತ ಹೇಳಬೇಡಿ. ಸಿಟ್ಟಿನಲ್ಲಿರುವವರಿಗೆ ಅದು "ನಿನಗೆ ತಲೆ ಕೆಟ್ಟಿದೆ" ಅಂತ ಕೇಳಿಸುತ್ತದೆ. ನಗಲೂಬೇಡಿ, ಅಂಜಿಕೆಯ ನಗು ಆದರೂ ಸರಿ.

ಏಕವಚನದ ವಿಷಯ ಬೇರೆಯೇ ಇದೆ. ನಮ್ಮ ಜಿಲ್ಲೆಯಲ್ಲಿ ಅಪ್ಪನ ವಯಸ್ಸಿನ ಯಜಮಾನರು "ಏನೋ, ಬಾರೋ" ಅನ್ನುವುದು ಸಲಿಗೆಯೂ ಇರಬಹುದು. ಅದನ್ನೇ ಅವಮಾನ ಅಂದುಕೊಂಡು ನೀವು ಉರಿದುಬಿದ್ದರೆ ಜಗಳ ಶುರು ಮಾಡಿದ್ದು ನೀವೇ ಆಗುತ್ತೀರಿ. ನೋಡಬೇಕಾದದ್ದು ಬದಲಾವಣೆಯನ್ನು. ಮೊದಲಿಂದ "ನೀನು" ಅನ್ನುವವರು ಅದನ್ನೇ ಅಂದರೆ ಬಿಡಿ. "ನೀವು" ಅನ್ನುತ್ತಿದ್ದವರು ದಿಢೀರ್ ಅಂತ "ನೀನು" ಅಂದರೆ ಬಿಸಿ ಏರಿದೆ ಅಂತ ತಿಳಿಯಿರಿ. ಎರಡರಲ್ಲೂ ನಿಮ್ಮ ಮಾತು ಮೊದಲು ಹೇಗಿತ್ತೋ ಹಾಗೇ ಇರಲಿ. ನೀವೂ ಏಕವಚನಕ್ಕೆ ಇಳಿಯಬೇಡಿ. ಹಾಗಂತ ಇದ್ದಕ್ಕಿದ್ದಂತೆ "ತಾವು ದಯವಿಟ್ಟು" ಅಂತ ಏರಲೂಬೇಡಿ. ಅದು ಕುಹಕದಂತೆ ಕೇಳುತ್ತದೆ.

5. ಬೈಗುಳದೊಳಗೆ ಸತ್ಯ ಇದ್ದರೆ ಒಪ್ಪಿಕೊಳ್ಳಿ

ಕಡ್ಡಿಗೆ ದುಡ್ಡು ಕೊಟ್ಟದ್ದು ಸತ್ಯ. ಅದನ್ನು ಕೇಳಿದಾಗ ನಮಗೆ ಮುಜುಗರ, ಅದಕ್ಕೇ ಹಾರಿಸಿಬಿಡುತ್ತೇವೆ. ಹಾರಿಸಿದಷ್ಟೂ ಅವರು ಅದನ್ನೇ ಎತ್ತುತ್ತಾರೆ. ತಾವು ಮಾಡಿದ ಉಪಕಾರಕ್ಕೆ ಲೆಕ್ಕವೇ ಇಲ್ಲ ಅನ್ನುವ ನೋವು ಅದು.

ಹಾಗಾಗಿ ಬಾಯಿಬಿಟ್ಟು ಹೇಳಿ: "ಹೌದು ಅಣ್ಣ. ಅವತ್ತು ನೀವು ಕೊಡದಿದ್ರೆ ನಾಟಿನೇ ಆಗ್ತಿರಲಿಲ್ಲ. ನಲವತ್ತು ಸಾವಿರ ಬಾಕಿ ಇದೆ, ಅದು ನನ್ನ ತಲೇಲಿದೆ. ಅದರ ಪುಟ ಬೇರೆ, ಅದಕ್ಕೂ ಒಂದಿನ ಕೂರೋಣ. ಇವತ್ತು ಈ ಹನ್ನೆರಡು ನೋಡೋಣ."

ಈ ಮಾತಿನಲ್ಲಿ "ಆದರೆ" ಇಲ್ಲ ಅನ್ನುವುದನ್ನು ಗಮನಿಸಿ. "ನೀವು ಕೊಟ್ಟಿದ್ದು ಸರಿ, ಆದರೆ..." ಅಂದರೆ ಮೊದಲ ಅರ್ಧ ಅಳಿಸಿಹೋಗುತ್ತದೆ. ಒಪ್ಪಿಗೆಗೆ ಚುಕ್ಕಿ ಇಡಿ. ಆಮೇಲೆ ಹೊಸ ವಾಕ್ಯ ಶುರು ಮಾಡಿ.

ಒಪ್ಪಿಕೊಂಡರೆ ಬಿಟ್ಟುಕೊಟ್ಟ ಹಾಗಲ್ವಾ ಅಂತ ಕೇಳುವವರು ಬಹಳ. ಮುಂಗಡ ಬಾಕಿ ಇರುವುದಕ್ಕೂ, 12 ಬಾಕ್ಸ್ ಎಣಿಸುವುದಕ್ಕೂ ಗಂಟು ಹಾಕಿದರೆ ಮಾತ್ರ ಬಿಟ್ಟುಕೊಟ್ಟ ಹಾಗೆ. "ಪುಟ ಬೇರೆ" ಅನ್ನುವ ಮಾತು ಆ ಗಂಟನ್ನು ಬಿಚ್ಚುತ್ತದೆ. ಮಂಡಿಯವರಿಗೆ ಲೆಜರಿನ ಭಾಷೆ ಬೇಗ ಹತ್ತುತ್ತದೆ. ಮುಂಗಡಕ್ಕೆ ಒಂದು ಪುಟ, ಮಾಲಿಗೆ ಒಂದು ಪುಟ ಅವರೇ ಇಟ್ಟಿರುತ್ತಾರೆ.

ತಪ್ಪು ನಿಮ್ಮದಿದ್ದರೆ ಅದನ್ನೂ ಮುಚ್ಚಬೇಡಿ. ಮಳೆಯ ಮಾರನೇ ದಿನವೇ ಕೊಯ್ಸಿದ್ದರೆ "ಮಳೆಯಲ್ಲಿ ಕೊಯ್ಸಿದ್ದು ನಿಜ, ಕೆಲವು ಬಿರಿದಿರಬಹುದು" ಅನ್ನಿ. ಹೀಗೆ ಹೇಳಿದವರ ಬಾಯಲ್ಲಿ "ಹನ್ನೆರಡೂ ಬಿರಿದಿರೋಕೆ ಸಾಧ್ಯನಾ?" ಅನ್ನುವ ಪ್ರಶ್ನೆಗೆ ತೂಕ ಬರುತ್ತದೆ.

6. ಮೂರನೇ ಸಲವೂ ಅದೇ ಬಂದರೆ

ಪ್ರಶ್ನೆ ಕೇಳಿದ್ದೀರಿ, ಒಪ್ಪಬೇಕಾದ್ದು ಒಪ್ಪಿದ್ದೀರಿ. ಆದರೂ ನಿಮ್ಮಪ್ಪನೇ ಬರುತ್ತಿದ್ದಾರೆ. ಈಗ ಇದು ಪಟ್ಟು ಅನ್ನುವುದು ಹೆಚ್ಚುಕಮ್ಮಿ ಖಾತ್ರಿ. ಪಟ್ಟನ್ನು ಬಿಡಿಸುವುದು ಅದನ್ನು ಮೆಲ್ಲಗೆ ಬೆಳಕಿಗೆ ತರುವುದರಿಂದ. ಒಂದೇ ಒಂದು ಸಲ ಹೇಳಿ, ನಡೆದದ್ದನ್ನು ಹೇಳಿ, ಅವರ ಗುಣದ ಬಗ್ಗೆ ಏನೂ ಹೇಳಬೇಡಿ.

"ಅಣ್ಣ, ಬಾಕ್ಸ್ ಅಂದಾಗೆಲ್ಲ ನಮ್ಮಪ್ಪನ ಮಾತು ಬರ್ತಿದೆ, ಇದು ಮೂರನೇ ಸಲ. ಅದು ಬಂದಾಗ ನನಗೂ ಲೆಕ್ಕ ಹೋಗಿ ಮಾತು ಬೇರೆ ಕಡೆ ಹೋಗುತ್ತೆ. ಇಬ್ರೂ ಒಂದು ಟೀ ಕುಡಿದು ಬರೋಣ. ನಾಲ್ಕು ಗಂಟೆಗೆ ಇದೇ ಪಟ್ಟಿ ಇಟ್ಕೊಂಡು ಕೂರೋಣ."

"ನೀವು ಬೇಕಂತಲೇ ಹೀಗೆ ಮಾಡ್ತೀರ" ಅಂದರೆ ಕೆಟ್ಟಿತು. "ಮೂರನೇ ಸಲ" ಅನ್ನುವುದು ಎಣಿಕೆ. ಅದನ್ನು ಯಾರೂ ಅಲ್ಲಗಳೆಯಲಾರರು. ಏಳುವಾಗ ಮರಳಿ ಬರುವ ಹೊತ್ತನ್ನು ಹೇಳಿಯೇ ಏಳಿ. ಹೊತ್ತು ಹೇಳದೆ ಎದ್ದರೆ ಸಿಟ್ಟು ಮಾಡಿಕೊಂಡು ಹೋದ ಅಂತ ಲೆಕ್ಕ. ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಮೇಜಿನ ಮೇಲೆ ಬಿಡಬೇಡಿ.

ಈ ನಡುವಿನ ಹೊತ್ತಿನಲ್ಲಿ ಒಂದು ಅಪಾಯ ಇದೆ. ಟೀ ಅಂಗಡಿಯಲ್ಲಿ ನಾಲ್ಕು ಜನ ಸಿಗುತ್ತಾರೆ, "ಹಂಗಂದ್ರಾ? ನಾನಾಗಿದ್ರೆ..." ಅಂತ ಶುರು ಮಾಡುತ್ತಾರೆ. ನಾಲ್ಕು ಗಂಟೆಗೆ ನೀವು ಮರಳುವುದು ಅವರ ಸಿಟ್ಟು ಹೊತ್ತುಕೊಂಡು. ಒಬ್ಬರೇ ಕೂತು ಚೀಟಿಯಲ್ಲಿ ಬರೆದ ಆ ಒಂದು ಸಾಲನ್ನು ಮತ್ತೆ ಓದಿಕೊಳ್ಳಿ. ವಾಟ್ಸಾಪಿನಲ್ಲಿ ಯಜಮಾನರ ವಾಯ್ಸ್ ಮೆಸೇಜು ಬಂದರೆ ವಾಯ್ಸಿನಲ್ಲೇ ಉತ್ತರ ಬೇಡ. "ನಾಲ್ಕಕ್ಕೆ ಬರ್ತೀನಿ ಅಣ್ಣ" ಅಂತ ಬರೆದು ಬಿಡಿ.

7. ಅಳತೆಗೋಲು ಹೊರಗಿನದ್ದಿರಲಿ

ಮಾತು ತಣ್ಣಗಾದ ಮೇಲೆ ಉಳಿಯುವುದು ನಿಜವಾದ ತಕರಾರು: 12ರಲ್ಲಿ ಎಷ್ಟು ಹಾಳಾಗಿತ್ತು? ಅವರು 12 ಅನ್ನುತ್ತಾರೆ, ನೀವು ಸೊನ್ನೆ ಅನ್ನುತ್ತೀರಿ. ಇಲ್ಲಿ ಚೌಕಾಸಿ ಶುರುವಾದರೆ ಮತ್ತೆ "ನನ್ನ ಮಾತಾ, ನಿನ್ನ ಮಾತಾ" ಅಂತ ಮನುಷ್ಯರೇ ಎದ್ದು ನಿಲ್ಲುತ್ತಾರೆ. ಅದಕ್ಕೆ ಇಬ್ಬರಿಗೂ ಸೇರದ ಅಳತೆ ಬೇಕು.

ಅಂಥವು ಮಂಡಿಯಲ್ಲೇ ಇರುತ್ತವೆ. ಇಳಿಸಿದ ಹಮಾಲರ ಎಣಿಕೆ ಇದೆ, ಕೂಲಿ ಬಾಕ್ಸಿನ ಲೆಕ್ಕದಲ್ಲಾದರೆ ಅವರ ಎಣಿಕೆ ಸುಳ್ಳಾಗುವುದಿಲ್ಲ. ಹರಾಜಿನಲ್ಲಿ ಬರೆದ ಸಂಖ್ಯೆ ಇದೆ. ಅದೇ ದಿನ ಅದೇ ಲಾರಿಗೆ ಹೋದ ಬೇರೆ ರೈತರ ಮಾಲಿಗೆ ಎಷ್ಟು ಕಡಿದಿದ್ದಾರೆ ಅನ್ನುವುದಿದೆ. ನಿಮ್ಮ ಹಿಂದಿನ ಪಟ್ಟಿಗಳಲ್ಲಿ ಎಷ್ಟು ಕಡಿತ ಬಂದಿದೆ ಅನ್ನುವುದೂ ಇದೆ.

ನಮ್ಮ ಉದಾಹರಣೆಗೆ ಮರಳೋಣ. ರೈತನ ಹಿಂದಿನ ನಾಲ್ಕು ಪಟ್ಟಿಯಲ್ಲಿ ಒಂದರಲ್ಲೂ ಎರಡು ಬಾಕ್ಸಿಗಿಂತ ಜಾಸ್ತಿ ಕಡಿತ ಇಲ್ಲ. ಹರಾಜಿನ ಪುಸ್ತಕದಲ್ಲಿ 180 ಇದೆ. ಹಮಾಲನನ್ನು ಕರೆದು ಕೇಳಿದರೆ "ಇಳಿಸುವಾಗ ಐದು ಬಾಕ್ಸ್ ಸೋರ್ತಿತ್ತು, ಪಕ್ಕಕ್ಕಿಟ್ಟೆ" ಅನ್ನುತ್ತಾನೆ. ಈಗ ಐದಕ್ಕೆ ಆಧಾರ ಇದೆ, ಏಳಕ್ಕೆ ಇಲ್ಲ. ರೈತ ಐದನ್ನು ಬಿಡುತ್ತಾನೆ, 1,550 ರೂಪಾಯಿ. ಏಳಕ್ಕೆ 310ರಂತೆ 2,170 ರೂಪಾಯಿ ಪಟ್ಟಿಗೆ ಸೇರುತ್ತದೆ. ಯಜಮಾನರು ಹಮಾಲನ ಮಾತಿಗೆ ತಲೆಬಾಗಿದರು, ನಿಮಗಲ್ಲ. ಈ ವ್ಯತ್ಯಾಸ ಅವರಿಗೆ ದೊಡ್ಡದು. ಅದನ್ನು ಅವರಿಗೇ ಬಿಡಿ. ಹೊರಗೆ ಬಂದು "ಹೆಂಗೆ ಒಪ್ಪಿಸಿದೆ ನೋಡು" ಅಂತ ಹೇಳಿಕೊಂಡು ತಿರುಗಿದರೆ, ಮುಂದಿನ ಕೊಯ್ಲಿನಲ್ಲಿ ಅದರ ಬೆಲೆ ಕಟ್ಟುತ್ತೀರಿ.

8. ಪಟ್ಟಿಯ ಹಿಂದೆ ಬರೆಸಿಕೊಳ್ಳಿ

ಒಪ್ಪಿದ್ದನ್ನು ಅಲ್ಲೇ ಬರೆಸಿ, ತಾರೀಖು ಹಾಕಿಸಿ, ಫೋಟೋ ತೆಗೆದುಕೊಳ್ಳಿ. "ನನ್ನ ಮೇಲೆ ನಂಬಿಕೆ ಇಲ್ವಾ?" ಅನ್ನುವ ಮಾತು ಇಲ್ಲಿ ಖಂಡಿತ ಬರುತ್ತದೆ. ಅದಕ್ಕೂ ಜರಡಿಯೇ ಮದ್ದು: "ನಂಬಿಕೆ ಇದೆ ಅಣ್ಣ, ನೆನಪಿನ ಮೇಲೆ ಇಲ್ಲ. ನನ್ನ ನೆನಪೂ ಸೇರಿ."

ಇದು ಎಲ್ಲಿ ನಡೆಯುವುದಿಲ್ಲ

ಮೇಲಿನದೆಲ್ಲ ಬಾಯಿಮಾತಿನ ಬೈಗುಳಕ್ಕೆ. ಜಾತಿ ಹಿಡಿದು ಬಯ್ದರೆ, ಕೈ ಎತ್ತಿದರೆ, "ಊರಿಗೆ ಹೇಗೆ ಹೋಗ್ತೀಯ ನೋಡ್ತೀನಿ" ಅಂತ ಹೆದರಿಸಿದರೆ ಅದು ಸಂಧಾನದ ವಿಷಯವೇ ಅಲ್ಲ. ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನರ ಮುಂದೆ ಜಾತಿ ಹೆಸರಿನಲ್ಲಿ ಬಯ್ಯುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಅಲ್ಲಿ ಜರಡಿ ಹಿಡಿಯುತ್ತಾ ಕೂರಬೇಡಿ. ಎದ್ದು ಬನ್ನಿ, ಯಾರು ಇದ್ದರು ಅಂತ ನೆನಪಿಟ್ಟುಕೊಳ್ಳಿ, ಠಾಣೆಗೆ ಹೋಗಿ.

ಇನ್ನೊಂದು ಮಿತಿಯೂ ಇದೆ. ಕೆಲವು ಸಲ ತಕರಾರು ಅಂದರೆ ಆ ಮನುಷ್ಯನೇ. ಪ್ರತಿ ಪಟ್ಟಿಯಲ್ಲೂ ಕಡಿತ, ಪ್ರತಿ ಸಲ ಬೇರೆ ಕಾರಣ, ಬರೆಸಿಕೊಂಡದ್ದಕ್ಕೂ ಬೆಲೆ ಇಲ್ಲ. ಹೀಗೆ ಮೂರು ನಾಲ್ಕು ಪಟ್ಟಿ ಆಯಿತು ಅಂದರೆ ಎಷ್ಟು ಚೆನ್ನಾಗಿ ಮಾತಾಡಿದರೂ ಉಪಯೋಗ ಇಲ್ಲ. ಪಟ್ಟಿಗಳನ್ನು ಜೋಡಿಸಿಕೊಂಡು ಎಪಿಎಂಸಿ ಕಾರ್ಯದರ್ಶಿಗೆ ಬರವಣಿಗೆಯಲ್ಲಿ ದೂರು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ದೂರಿನಲ್ಲೂ ಮೊದಲ ಹಂತದ ಅದೇ ಸಾಲು ಇರಲಿ: ಇಷ್ಟು ಇಳಿದಿದೆ, ಇಷ್ಟು ಬರೆದಿದೆ, ನಡುವಿನದು ಇಷ್ಟು. "ಮೋಸಗಾರ" ಅನ್ನುವ ಪದ ಹಾಕಿದರೆ ಅದನ್ನು ಸಾಬೀತು ಮಾಡುವ ಕೆಲಸವೂ ನಿಮ್ಮದೇ ಆಗುತ್ತದೆ.

ಮುಂದಿನ ಲೋಡಿಗೆ

ಒಂದು ಸಲ ಈ ಜಗಳ ದಾಟಿದ ಮೇಲೆ, ಇನ್ನೂ ಅಲ್ಲೇ ಕೂತಿರುವಾಗಲೇ ಇನ್ನೊಂದು ಮಾತು ಮುಗಿಸಿಕೊಳ್ಳಿ. ಇಳಿಸಿದ ಕೂಡಲೇ ಎಣಿಕೆ ಚೀಟಿಗೆ ರೈಟರ್ ಸಹಿ ಹಾಕಲಿ. ಸೋರುವ ಬಾಕ್ಸು ಕಂಡರೆ ಹರಾಜಿಗೆ ಮುಂಚೆ ಪಕ್ಕಕ್ಕಿಟ್ಟು ಒಂದು ಫೋಟೋ ಕಳಿಸಲಿ. ನೀವೂ ನಿಮ್ಮ ಕಡೆಯಿಂದ ಒಂದು ಸೇರಿಸಿ: ಮಳೆ ಬಿದ್ದ ದಿನದ ಕೊಯ್ಲಾದರೆ ಮುಂಚೆಯೇ ಫೋನ್ ಮಾಡಿ ಹೇಳುತ್ತೇನೆ, ದೂರದ ಲಾರಿಗೆ ಹಾಕಬೇಡಿ ಅಂತ. ನಮ್ಮ ಮಂಡಿಯಲ್ಲಿ ಒಬ್ಬ ಅಜ್ಜ ಹೀಗೆ ಮಾಡುತ್ತಿದ್ದರು. ಅವರ ಟೆಂಪೋ ಬಂದಾಗ ಯಜಮಾನರು ನನಗೆ ಹೇಳುತ್ತಿದ್ದದ್ದು ಇಷ್ಟೇ: "ಅವರದ್ದು ನೀನೇ ಎಣಿಸಿಬಿಡಪ್ಪ, ಆಮೇಲೆ ಪಟ್ಟಿ ಹಿಡ್ಕೊಂಡು ಪಕ್ಕದಲ್ಲಿ ಬಂದು ಕೂತ್ಕೋತಾರೆ."